ತೆರಿಗೆ ನೋಟಿಸ್ ಬಂತಾ? ಮೊದಲು ಮಹಡಿ ಲೆಕ್ಕ ಹಾಕಿ

ಮನೆ ಬಾಗಿಲಿಗೆ ಪಾಲಿಕೆ ನೋಟಿಸ್ ಬಂದಿದೆ. ನೀವು ತಪ್ಪು ಮಾಹಿತಿ ಕೊಟ್ಟು ಕಮ್ಮಿ ತೆರಿಗೆ ಕಟ್ಟಿದ್ದೀರಿ, ವ್ಯತ್ಯಾಸದ ಹಣವನ್ನು ಬಡ್ಡಿ, ದಂಡ ಸಮೇತ ಕಟ್ಟಿ ಅಂತ ಬರೆದಿದ್ದಾರೆ. ಕೆಲವರು ಹೆದರಿ ಕಟ್ಟಿಬಿಡ್ತಾರೆ. ಇನ್ನು ಕೆಲವರು ಮಡಚಿ ಮೂಲೆಗೆ ಹಾಕ್ತಾರೆ. ಎರಡೂ ನಷ್ಟದ ದಾರಿನೇ. ಆ ಮೊತ್ತ ಹೇಗೆ ಬಂತು ಅಂತ ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಂಡು ನೀವೇ ನೋಡಬಹುದು.

ಇವತ್ತು ಬೆಂಗಳೂರಿನ ಲೆಕ್ಕ ಮಾತ್ರ ಹೇಳ್ತೀನಿ. ರಾಜ್ಯದ ಬೇರೆ ಪಟ್ಟಣಗಳಲ್ಲಿ ಮಾರ್ಗಸೂಚಿ ಬೆಲೆ, ಅಂದರೆ ಗೈಡೆನ್ಸ್ ವ್ಯಾಲ್ಯೂ ಮೇಲೆ ತೆರಿಗೆ ನಿಲ್ಲುತ್ತೆ. ಬೆಂಗಳೂರಿನಲ್ಲಿ 2008ರಲ್ಲಿ ಬಂದದ್ದು ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ. ನಗರವನ್ನು ಎ ಇಂದ ಎಫ್ ತನಕ ಆರು ವಲಯ ಮಾಡಿ, ಕಟ್ಟಡದ ಬಗೆ ನೋಡಿ, ಚದರಡಿಗೆ ತಿಂಗಳಿಗೆ ಇಷ್ಟು ಅಂತ ದರ ಇಟ್ಟಿದ್ದಾರೆ. ಇಲ್ಲಿ ಒಂದು ಮಾತು ನೆನಪಿಡಿ: ವಾಸದ ಮನೆಗೆ ಮಾಲೀಕರೇ ಇದ್ದರೆ ಒಂದು ದರ, ಬಾಡಿಗೆಗೆ ಕೊಟ್ಟರೆ ಅದರ ಎರಡರಷ್ಟು. ನೋಟಿಸ್‌ಗಳ ಜಗಳ ಎಷ್ಟೋ ಸಲ ಹುಟ್ಟೋದು ಇಲ್ಲೇ.

ಲೆಕ್ಕ ನಾಲ್ಕೇ ಹೆಜ್ಜೆ. ಚದರಡಿಯನ್ನು ದರದಿಂದ ಗುಣಿಸಿ, ಹತ್ತು ತಿಂಗಳಿಂದ ಗುಣಿಸಿ. ಹೌದು, ಹನ್ನೆರಡಲ್ಲ, ಹತ್ತೇ ತಿಂಗಳು. ಬಂದದ್ದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆಯಿರಿ. ಉಳಿದದ್ದರಲ್ಲಿ ಶೇ. 20 ವಾಸದ ಮನೆಯ ತೆರಿಗೆ. ಆ ತೆರಿಗೆಯ ಮೇಲೆ ಶೇ. 24 ಸೆಸ್ ಸೇರಿಸಿ. ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3, ಒಟ್ಟು 24.

ಈಗ ಒಂದು ಮನೆ ತಗೊಳ್ಳಿ. ಕೆಳಗೆ ಸಾವಿರ ಚದರಡಿ, ಮಾಲೀಕರು ಇದ್ದಾರೆ. ಮೇಲೆ ಸಾವಿರ ಚದರಡಿ, ಬಾಡಿಗೆಗೆ ಕೊಟ್ಟಿದ್ದಾರೆ. ಲೆಕ್ಕದ ಸುಲಭಕ್ಕೆ ಸ್ವಂತ ವಾಸಕ್ಕೆ 2 ರೂಪಾಯಿ, ಬಾಡಿಗೆಗೆ 4 ರೂಪಾಯಿ, ಸವಕಳಿ ಶೇ. 10 ಅಂತ ಇಟ್ಟುಕೊಳ್ಳೋಣ. ಮಾಲೀಕರು ಎರಡೂ ಮಹಡಿ ಸ್ವಂತ ವಾಸ ಅಂತಲೇ ಘೋಷಿಸಿದ್ದರು. ಆಗ 40,000, ಸವಕಳಿ ಕಳೆದು 36,000, ತೆರಿಗೆ 7,200, ಸೆಸ್ ಸೇರಿ 8,928 ರೂಪಾಯಿ. ಇದನ್ನೇ ಅವರು ಕಟ್ಟಿದ್ದು.

ನೋಟಿಸ್‌ನಲ್ಲಿ ಇಡೀ ಕಟ್ಟಡ ಬಾಡಿಗೆಗೆ ಇದೆ ಅಂತ ಹಿಡಿದರೆ? 17,856 ಆಗುತ್ತೆ. ವರ್ಷಕ್ಕೆ 8,928 ಬಾಕಿ ಅಂತಾರೆ. ಆದರೆ ನಿಜವಾದ ಲೆಕ್ಕ ಯಾವುದು? ಕೆಳಗಿನದ್ದು 20,000, ಮೇಲಿನದ್ದು 40,000, ಕೂಡಿ 60,000. ಸವಕಳಿ ಹೋಗಿ 54,000. ತೆರಿಗೆ 10,800, ಸೆಸ್ ಸೇರಿ 13,392. ಅಂದರೆ ನ್ಯಾಯವಾಗಿ ಬಾಕಿ ಇರೋದು 4,464 ರೂಪಾಯಿ. ಕೇಳಿದ್ದರಲ್ಲಿ ಸರಿಯಾಗಿ ಅರ್ಧ! ಬಡ್ಡಿ, ದಂಡ ಬೀಳೋದು ಈ ವ್ಯತ್ಯಾಸದ ಮೇಲೆ. ವ್ಯತ್ಯಾಸವೇ ತಪ್ಪಾದರೆ ಅದರ ಮೇಲಿನದ್ದೆಲ್ಲ ತಪ್ಪು.

ಹಾಗಾಗಿ ನೋಟಿಸ್ ಕೈಗೆ ಬಂದಾಗ ಮೂರು ಕಡೆ ಬೆರಳಿಡಿ. ಒಂದು, ವಿಸ್ತೀರ್ಣ: ಮಹಡಿವಾರು ಬರೆದಿದ್ದಾರಾ, ಇಲ್ಲ ಒಟ್ಟಿಗೆ ಒಂದೇ ದರ ಹಾಕಿದ್ದಾರಾ? ಎರಡು, ವಲಯ: 2016ರಲ್ಲಿ ದರ ಪರಿಷ್ಕರಣೆ ಆದಾಗ ಕೆಲವು ರಸ್ತೆಗಳ ವಲಯ ಬದಲಾಯಿತು. ಹಳೇ ವಲಯದಲ್ಲೇ ಕಟ್ಟುತ್ತಾ ಬಂದವರಿಗೆ ವರ್ಷಗಳ ನಂತರ ನೋಟಿಸ್ ಹೋಯಿತು. ಮೂರು, ವರ್ಷ: ಬಾಡಿಗೆದಾರರು ಬಂದದ್ದು ಎರಡು ವರ್ಷದ ಹಿಂದೆ, ನೋಟಿಸ್‌ನಲ್ಲಿ ಐದು ವರ್ಷದ ಬಾಕಿ ಇದ್ದರೆ ಮೂರು ವರ್ಷದ್ದು ಪ್ರಶ್ನೆ ಮಾಡಲೇಬೇಕು. ಬಾಡಿಗೆ ಕರಾರು ಪತ್ರದ ತಾರೀಖೇ ಅದಕ್ಕೆ ಸಾಕ್ಷಿ.

ನೋಟಿಸ್‌ನಲ್ಲಿ ಕೊಟ್ಟ ಗಡುವಿನ ಒಳಗೆ ಸಹಾಯಕ ಕಂದಾಯ ಅಧಿಕಾರಿಗೆ ಲಿಖಿತ ಉತ್ತರ ಕೊಡಿ. ನಿಮ್ಮ ಲೆಕ್ಕದ ಹಾಳೆ, ಹಳೇ ರಸೀದಿ, ಕರಾರು ಪತ್ರದ ನಕಲು ಲಗತ್ತಿಸಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ. ಬಾಯಿಮಾತಲ್ಲಿ ಹೇಳಿ ಬಂದದ್ದಕ್ಕೆ ದಾಖಲೆ ಇರೋದಿಲ್ಲ.

ಕೊನೆಯದಾಗಿ, ಕಹಿ ಮಾತು. ಆ 4,464 ಮಾತ್ರ ಮಾಲೀಕರದ್ದೇ ಬಾಕಿ. ಸ್ವಯಂ ಘೋಷಣೆಯಲ್ಲಿ ಏನೂ ಬದಲಾವಣೆ ಇಲ್ಲದಿದ್ದರೆ ಫಾರಂ 4, ಮನೆಯ ವಿವರ ಬದಲಾಗಿದ್ದರೆ ಫಾರಂ 5. ಮೇಲ್ಮಹಡಿ ಬಾಡಿಗೆಗೆ ಕೊಟ್ಟ ಮೇಲೂ ಪ್ರತಿ ವರ್ಷ ಫಾರಂ 4 ತುಂಬಿದರೆ, ಮುಂದಿನ ನೋಟಿಸ್‌ಗೆ ನೀವೇ ವಿಳಾಸ ಬರೆದುಕೊಟ್ಟ ಹಾಗೆ.