ಕೋನಪಟ್ಟಿಯ ಉಕ್ಕು ಎಲ್ಲಿ ಹರಿಯುತ್ತದೆ?

ಛಾವಣಿಯ ಟ್ರಸ್ಸಿನಲ್ಲಿ ಎಳೆತ ಹೊರುವ ಒಂದು ಆ್ಯಂಗಲ್ ಇದೆ. ಎರಡೂ ಕಾಲುಗಳು 150 ಮಿ.ಮೀ., ದಪ್ಪ 10. ಒಟ್ಟು ಕ್ಷೇತ್ರಫಲ ಸುಮಾರು 2900 ಚದರ ಮಿ.ಮೀ. ಒಂದು ಕಾಲನ್ನು ಮಾತ್ರ ಗಸೆಟ್ ಪ್ಲೇಟಿಗೆ ಎರಡು ಸಾಲು ಬೋಲ್ಟ್‌ಗಳಿಂದ ಬಿಗಿದಿದ್ದಾರೆ. ಸಾಲುಗಳ ನಡುವೆ 60 ಮಿ.ಮೀ. ಅಂತರ, ಒಂದು ಸಾಲಿನ ತೂತು ಇನ್ನೊಂದು ಸಾಲಿನದಕ್ಕಿಂತ 40 ಮಿ.ಮೀ. ಮುಂದಿದೆ. ತೂತಿನ ಅಗಲ 22.

ನೇರವಾಗಿ ಹರಿದರೆ ದಾರಿಯಲ್ಲಿ ಸಿಗುವುದು ಒಂದೇ ತೂತು, ಉಳಿಯುವುದು 2680. ಆದರೆ ಬಿರುಕು ಓರೆಯಾಗಿ ಎರಡು ತೂತುಗಳನ್ನು ದಾಟಿದರೆ? ಆಗ 440 ಕಳೆಯಬೇಕು. ಓರೆ ದಾರಿ ಉದ್ದವಾದ್ದರಿಂದ ಉಕ್ಕಿಗೆ ಒಂದಿಷ್ಟು ಬಲವೂ ಮರಳಿ ಸಿಗುತ್ತದೆ. ವಿ. ಎಚ್. ಕಾಕ್ರೇನ್ 1922ರಲ್ಲಿ ಪ್ರಕಟಿಸಿದ s²/4g ಸೂತ್ರ ಅದನ್ನೇ ಅಳೆಯುತ್ತದೆ: 1600 ಭಾಗಿಸು 240, ಅಂದರೆ 6.7 ಮಿ.ಮೀ. ದಪ್ಪದಿಂದ ಗುಣಿಸಿದರೆ 67. ಉಳಿದದ್ದು 2527. ಕಡಿಮೆ ಉಳಿಯುವ ಈ ಓರೆ ದಾರಿಯೇ ನಿರ್ಣಾಯಕ. ತೂತುಗಳನ್ನು 75 ಮಿ.ಮೀ. ಹಿಂದೆಮುಂದೆ ಇಟ್ಟಿದ್ದರೆ ನೇರ ದಾರಿಯೇ ದುರ್ಬಲವಾಗುತ್ತಿತ್ತು.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ.

ಬೋಲ್ಟಿಲ್ಲದ ಕಾಲಿಗೆ ಬಲ ಮೂಲೆಯ ಮೂಲಕವೇ ಹರಿದು ಹೋಗಬೇಕು. ಜೋಡಣೆಯ ಬಳಿ ಅದು ಪೂರ್ತಿ ಭಾರ ಹೊರುವಷ್ಟರಲ್ಲಿ ಬೋಲ್ಟಿನ ಕಾಲು ಹರಿಯತೊಡಗಿರುತ್ತದೆ. ಇದೇ ಶಿಯರ್ ಲ್ಯಾಗ್. ಅಮೆರಿಕದ ಸಂಹಿತೆಯಲ್ಲಿ ಇದಕ್ಕೆ U = 1 − x̄/L ಎಂಬ ಗುಣಕವಿದೆ. ಇಲ್ಲಿ ಗುರುತ್ವಕೇಂದ್ರ ಗಸೆಟ್ಟಿನಿಂದ ಸುಮಾರು 41 ಮಿ.ಮೀ. ದೂರ. ಐದು ಬೋಲ್ಟ್ ಹಾಕಿದರೆ ಜೋಡಣೆಯ ಉದ್ದ 160. U 0.74 ಆಗಿ, ಪರಿಣಾಮಕಾರಿ ಕ್ಷೇತ್ರಫಲ 1880ಕ್ಕೆ ಇಳಿಯುತ್ತದೆ. ತೂತುಗಳಿಗಿಂತ ಹೆಚ್ಚು ನಷ್ಟ ಇಲ್ಲೇ! ಏಳು ಬೋಲ್ಟ್ ಹಾಕಿ ಜೋಡಣೆಯನ್ನು 240ಕ್ಕೆ ಉದ್ದ ಮಾಡಿದರೆ ಅದು ಸುಮಾರು 2095ಕ್ಕೆ ಏರುತ್ತದೆ. ಭಾರತದ ಐಎಸ್ 800:2007 ಎರಡು ಕಾಲುಗಳ ಬಲವನ್ನು ಬೇರೆಬೇರೆಯಾಗಿ ಲೆಕ್ಕಹಾಕಿ ಕೂಡಿಸುತ್ತದೆ. ಅಲ್ಲಿಯೂ ಜೋಡಣೆ ಗಿಡ್ಡವಾದಷ್ಟೂ ಬಿಡುಗಾಲಿನ ಪಾಲು ಕುಗ್ಗುತ್ತದೆ.