ಮೆನ್ಸ್ ರಿಯಾ ಮತ್ತು ಆಕ್ಟಸ್ ರಿಯಸ್

ಆಕ್ಟಸ್ ರಿಯಸ್ (ಅಪರಾಧ ಕೃತ್ಯ) ಮತ್ತು ಮೆನ್ಸ್ ರಿಯಾ (ಅಪರಾಧಿಕ ಮನಸ್ಸು) ಎಂಬುವು ದಂಡಶಾಸ್ತ್ರದಲ್ಲಿ ಬಳಕೆಯಲ್ಲಿರುವ ಎರಡು ಲ್ಯಾಟಿನ್ ಪದಗಳು. ಕಾನೂನು ನಿಷೇಧಿಸಿದ ಕೃತ್ಯವು ಮೊದಲನೆಯದು. ಅದನ್ನು ಮಾಡುವಾಗ ಇದ್ದ ಉದ್ದೇಶ, ಅರಿವು ಅಥವಾ ಇಂಥ ಬೇರೆ ದೋಷಯುಕ್ತ ಮನಸ್ಥಿತಿಯು ಎರಡನೆಯದು. ಸಾಮಾನ್ಯವಾಗಿ ಇವೆರಡೂ ಏಕಕಾಲದಲ್ಲಿ ಕೂಡಿದಾಗ ಮಾತ್ರ ಅಪರಾಧವಾಗುತ್ತದೆ.

ಉದಾಹರಣೆ

ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಯಲ್ಲಿ 12ನೆಯ ಶತಮಾನದ ಹೊಯ್ಸಳರ ಲಕ್ಷ್ಮೀದೇವಿ ದೇವಾಲಯವಿದೆ. ಇಲ್ಲಿಯ ಕಾಳಿ ವಿಗ್ರಹವು ಒಡೆದಿರುವುದು 2020ರ ನವೆಂಬರ್‌ನಲ್ಲಿ ಕಂಡುಬಂದಾಗ ದುಷ್ಕರ್ಮಿಗಳ ಕೃತ್ಯವೆಂಬ ಶಂಕೆ ಮೂಡಿತ್ತು. ಆದರೆ ಒಡೆದ ಶಿಲೆಯೊಂದೇ ಅಪರಾಧವನ್ನು ಸಿದ್ಧಪಡಿಸುವುದಿಲ್ಲ. ಇಂತಹ ಹಾನಿಯು ಹೇಗೆ ಆಗಬಹುದೆಂಬುದನ್ನು ಕೆಲವು ಕಲ್ಪಿತ ಸನ್ನಿವೇಶಗಳಿಂದ ತಿಳಿಯಬಹುದು.

ಎಚ್ಚರಿಕೆಯಿಂದ ನಡೆಯುತ್ತಿದ್ದ ಭಕ್ತನೊಬ್ಬನು ಕಾಲುಜಾರಿ ವಿಗ್ರಹದ ಮೇಲೆ ಬಿದ್ದರೆ ಹಾನಿಯಾಗುತ್ತದೆ, ಆದರೆ ದುರುದ್ದೇಶವಿರುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 18ನೆಯ ಕಲಮು ಇಂತಹ ಆಕಸ್ಮಿಕವನ್ನು ಅಪರಾಧದಿಂದ ಹೊರಗಿಡುತ್ತದೆ.

ನಿಧಿಯಾಸೆಯಿಂದ ಒಬ್ಬನು ರಾತ್ರಿ ಹಾರೆ ತಂದು ಪೀಠವನ್ನು ಮೀಟಿದರೆ, ವಿಗ್ರಹ ಒಡೆಯುವುದು ಅವನ ಗುರಿಯಲ್ಲದಿರಬಹುದು. ಆದರೂ ಹಾನಿಯಾಗುವ ಸಂಭವವನ್ನು ಅವನು ಬಲ್ಲನು. ಆಸ್ತಿಗೆ ಕೇಡು ಉಂಟುಮಾಡುವ ಅಪರಾಧಕ್ಕೆ (324ನೆಯ ಕಲಮು) ಆ ಅರಿವೇ ಸಾಕು. ಪವಿತ್ರ ವಸ್ತುವನ್ನು ಹಾಳುಮಾಡುವ ಅಪರಾಧಕ್ಕೆ (298ನೆಯ ಕಲಮು) ಬೇರೆ ಮನಸ್ಥಿತಿ ಬೇಕು: ಧರ್ಮವನ್ನು ಅವಮಾನಿಸುವ ಉದ್ದೇಶ, ಇಲ್ಲವೇ ಜನರು ಅದನ್ನು ಅವಮಾನವೆಂದು ಭಾವಿಸುವ ಸಂಭವವಿದೆ ಎಂಬ ಅರಿವು. ಹೀಗೆ ಕೃತ್ಯ ಒಂದೇ ಆದರೂ ಮನಸ್ಥಿತಿಗೆ ತಕ್ಕಂತೆ ಅಪರಾಧ ಬೇರೆಯಾಗುತ್ತದೆ.

ಮತ್ತೊಬ್ಬನು ವಿಗ್ರಹ ಒಡೆಯಬೇಕೆಂದು ಮನೆಯಲ್ಲಿ ಕುಳಿತು ಯೋಚಿಸಿ ಸುಮ್ಮನಾದರೆ ಶಿಕ್ಷೆಯಿಲ್ಲ. ಕೃತ್ಯವಾಗಿ ಹೊರಬಾರದ ಆಲೋಚನೆಯನ್ನು ಕಾನೂನು ದಂಡಿಸುವುದಿಲ್ಲ. ಅದೇ ರೀತಿ, ಆಕಸ್ಮಿಕವಾಗಿ ಒಡೆದುದನ್ನು ಕಂಡು ಬಳಿಕ ಸಂತೋಷಪಟ್ಟವನೂ ಆ ಕಾರಣಕ್ಕೆ ಅಪರಾಧಿಯಾಗನು. ಕೃತ್ಯದ ವೇಳೆಗೆ ದುರುದ್ದೇಶ ಇರಲಿಲ್ಲ.

ರುಜುವಾತು

ಮನಸ್ಸನ್ನು ನೇರವಾಗಿ ನೋಡಲಾಗದು. ಆದುದರಿಂದ ನ್ಯಾಯಾಲಯವು ಅದನ್ನು ಸಂದರ್ಭಗಳಿಂದ ಊಹಿಸುತ್ತದೆ: ಬೀಗ ಮುರಿದಿತ್ತೇ, ಉಪಕರಣದ ಗುರುತುಗಳಿವೆಯೇ, ಆರೋಪಿಯು ಯಾವ ವೇಳೆಯಲ್ಲಿ ಅಲ್ಲಿದ್ದನು, ಅನಂತರ ಹೇಗೆ ವರ್ತಿಸಿದನು. ಪ್ರೇರಣೆಯು ಮೆನ್ಸ್ ರಿಯಾ ಅಲ್ಲ. ಬಡತನದಿಂದ ನಿಧಿ ಹುಡುಕಿದನೆಂಬುದು ಪ್ರೇರಣೆ. ಹಾನಿಯ ಅರಿವು ಮೆನ್ಸ್ ರಿಯಾ.

ವಿನಾಯಿತಿಗಳು

ಕೆಲವು ಶಾಸನಗಳು ಮನಸ್ಥಿತಿಯ ಮಾತನ್ನೇ ಎತ್ತುವುದಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರನ್ನು ದಂಡಿಸುವ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದ 30ನೆಯ ಕಲಮು ಅಂತಹುದು. ಆದರೂ ಶಾಸನವು ಸ್ಪಷ್ಟವಾಗಿಯೋ ಅನಿವಾರ್ಯ ಸೂಚನೆಯಿಂದಲೋ ಕೈಬಿಡದ ಹೊರತು ಮೆನ್ಸ್ ರಿಯಾ ಅಗತ್ಯವೆಂದೇ ನ್ಯಾಯಾಲಯಗಳು ಸಾಮಾನ್ಯವಾಗಿ ಭಾವಿಸುತ್ತವೆ. ಮೇಯರ್ ಹಾನ್ಸ್ ಜಾರ್ಜ್ ಪ್ರಕರಣದಲ್ಲಿ (1964) ಇದಕ್ಕೆ ಅಪವಾದ ದೊರೆಯಿತು. ವಿಮಾನದಲ್ಲಿ ಚಿನ್ನ ಸಾಗಿಸುತ್ತಿದ್ದ ಆ ಪ್ರಯಾಣಿಕನಿಗೆ ಭಾರತದ ಹೊಸ ನಿರ್ಬಂಧದ ಅರಿವಿರಲಿಲ್ಲವೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ತಳ್ಳಿಹಾಕಿತು. ಕಳ್ಳಸಾಗಣೆ ತಡೆಯುವ ಶಾಸನದ ಉದ್ದೇಶವೇ ಅಲ್ಲಿ ನಿರ್ಣಾಯಕವಾಯಿತು.