‘ಮದುವೆ ಯಾವಾಗ?’ ಎಂದು ಕೇಳಲು ಮರೆತಿದ್ದೆ

ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಮಳಿಗೆಯಲ್ಲಿದ್ದ ಐನೂರು ಕೀ ಚೈನ್‌ಗಳೂ ಖಾಲಿಯಾಗಿದ್ದವು. ‘ನೋಡಿದ್ರಾ ಅತ್ತಿಗೆ, ಎಷ್ಟು ಜನ ಬಂದ್ರು!’ ಎಂದು ನಾನು ಹಿಗ್ಗಿದ್ದೆ. ಅತ್ತಿಗೆ ಮಾತ್ರ, ‘ಬಂದವರಲ್ಲಿ ಎಷ್ಟು ಜನಕ್ಕೆ ಮದುವೆ ಇದೆ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಬಿ.ಕಾಂ. ಮುಗಿಸಿ ಒಂದು ವರ್ಷ ಕೆಲಸ ಹುಡುಕಿ ಸುಸ್ತಾಗಿದ್ದೆ. ಅತ್ತಿಗೆಗೆ ಆರಿ ವರ್ಕ್ ಚೆನ್ನಾಗಿ ಬರುತ್ತಿತ್ತು, ನಾನೂ ಕಲಿತೆ. ನಂಜನಗೂಡಿನ ನಮ್ಮ ಮನೆಯ ನಡುಮನೆಯಲ್ಲೇ ಫ್ರೇಮ್ ಹಾಕಿಕೊಂಡು ಮದುಮಗಳ ಬ್ಲೌಸ್ ಮಾಡಿಕೊಡುತ್ತಿದ್ದೆವು. ಗೊತ್ತಿದ್ದವರು ಮಾತ್ರ ಬರುತ್ತಿದ್ದರು. ಮೈಸೂರಿನಲ್ಲಿ ಎರಡು ದಿನದ ಮದುವೆ ವಸ್ತುಪ್ರದರ್ಶನ ಇದೆಯೆಂದು ಗೊತ್ತಾದಾಗ ಅಮ್ಮ ತಮ್ಮ ಸ್ವಸಹಾಯ ಸಂಘದಲ್ಲಿ 25,000 ರೂಪಾಯಿ ಸಾಲ ತೆಗೆದುಕೊಟ್ಟರು.

ಅದು ಆಷಾಢ. ನಮ್ಮ ಕಡೆ ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಮದುವೆ ಮಾಡುವುದಿಲ್ಲ. ಆ ಬಿಡುವಿನಲ್ಲಿ ಮುಂದಿನ ಮದುವೆಗಳ ತಯಾರಿ ನಡೆಯುತ್ತದೆ. ಹಾಗಾಗಿ ಕಾಲ ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಲೆಕ್ಕ.

ಮಳಿಗೆ ಬಾಡಿಗೆ 12,000 ಎಂದಿದ್ದರು. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 14,160 ಆಯಿತು. ಕೀ ಚೈನ್‌ಗೆ 4,500. ಎರಡು ಬೊಂಬೆಗಳ ಬಾಡಿಗೆ 1,200. ಬಾಡಿಗೆಯಲ್ಲಿ ಒಂದು ಮೇಜು, ಎರಡು ಕುರ್ಚಿ ಮಾತ್ರ ಸೇರಿದ್ದವು. ಹೆಚ್ಚಿನ ದೀಪಕ್ಕೂ ಪ್ಲಗ್‌ಗೂ 1,500 ಕೊಡಬೇಕೆಂದು ಹಿಂದಿನ ಸಂಜೆ ಗೊತ್ತಾಯಿತು. ಬ್ಯಾನರ್‌ಗೆ 900, ಸಾಮಾನು ಸಾಗಿಸಿದ ಗಾಡಿಗೆ 2,400. ಒಟ್ಟು 24,660 ರೂಪಾಯಿ.

ಮಳಿಗೆ ಹಿಡಿಯುವ ಮೊದಲು ಮಾಡಬೇಕಿದ್ದ ಲೆಕ್ಕವನ್ನು ಆಮೇಲೆ ಮಾಡಿದೆ. ಒಂದು ಬ್ಲೌಸ್‌ಗೆ ನಾವು ತೆಗೆದುಕೊಳ್ಳುವುದು 6,500. ಅದರಲ್ಲಿ ದಾರ, ಮಣಿ, ಜರಿಗೆ 1,400, ಹೊಲಿಗೆಗೆ 900, ಅತ್ತಿಗೆಯ ಕೂಲಿ 1,700. ಉಳಿಯುವುದು 2,500. ಅಂದರೆ ಮಳಿಗೆಯ ಖರ್ಚು ಹುಟ್ಟಬೇಕಾದರೇ ಹತ್ತು ಆರ್ಡರ್ ಬೇಕು. ಬಂದದ್ದು ಮೂರು. ಸಾಲದಲ್ಲಿ 17,160 ರೂಪಾಯಿ ತಲೆಯ ಮೇಲೆ ಉಳಿಯಿತು. ಅಮ್ಮ ಒಂದು ಮಾತೂ ಆಡಲಿಲ್ಲ. ವಾರವಾರ ಸಂಘದ ಕಂತು ಕಟ್ಟಿ ಬರುತ್ತಿದ್ದರು, ಅಷ್ಟೆ.

ಜನ ಬಂದಿರಲಿಲ್ಲವೇ? ಬಂದಿದ್ದರು. ಮೇಜಿನ ಮೇಲೆ ಇಟ್ಟಿದ್ದ ನೋಟ್‌ಬುಕ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಹೆಸರುಗಳಿದ್ದವು. ಎರಡು ವಾರ ಬಿಟ್ಟು ಫೋನ್ ಮಾಡಲು ಕುಳಿತಾಗ ಅವುಗಳ ಬೆಲೆ ತಿಳಿಯಿತು. ಕೆಲವರ ಅಂಕಿ ಓದಲು ಬರುತ್ತಿರಲಿಲ್ಲ. ಕೆಲವು ನಂಬರ್‌ಗಳಲ್ಲಿ ಒಂಬತ್ತೇ ಅಂಕಿ. ಹೆಚ್ಚಿನವರು ಕೀ ಚೈನ್‌ಗಾಗಿ ಬರೆದು ಹೋದ ಕಾಲೇಜು ಹುಡುಗರು. ನಿಜವಾಗಿ ಮದುವೆ ಇದ್ದವರು, ‘ಅಯ್ಯೋ, ಬೇರೆ ಕಡೆ ಕೊಟ್ಟುಬಿಟ್ವಲ್ಲಮ್ಮ’ ಎಂದರು.

ಧನುರ್ಮಾಸದಲ್ಲಿ ಮತ್ತೊಂದು ಪ್ರದರ್ಶನ ಬಂತು. ಈ ಬಾರಿ ಮೆಹಂದಿ ಹಾಕುವ ಗೆಳತಿಯೊಬ್ಬಳ ಜೊತೆ ಒಂದೇ ಮಳಿಗೆ ಹಂಚಿಕೊಂಡೆ. ಕೆಲವು ಕಡೆ ಇದಕ್ಕೆ ಒಪ್ಪುವುದಿಲ್ಲ, ಆದ್ದರಿಂದ ಹಣ ಕಟ್ಟುವ ಮೊದಲೇ ಆಯೋಜಕರಿಂದ ಬರೆಸಿಕೊಂಡೆವು. ದೀಪ, ಪ್ಲಗ್ ಏನೇನು ಸೇರಿದೆ ಎಂಬುದನ್ನೂ ಅದರಲ್ಲೇ ಬರೆಸಿದೆವು. ಬಾಡಿಗೆ, ದೀಪ, ಗಾಡಿ ಎಲ್ಲವೂ ಅರ್ಧವಾಯಿತು. ಹಳೆಯ ಬ್ಯಾನರನ್ನೇ ಕಟ್ಟಿದೆವು, ಒಂದೇ ಬೊಂಬೆ ತಂದೆವು.

ಕೀ ಚೈನ್ ಬದಲು ಹನ್ನೆರಡು ರೂಪಾಯಿಯ ಅರವತ್ತು ಅಳತೆ ಟೇಪ್ ಕೊಂಡೆ. ಜೊತೆಗೆ ನೂರು ಕಾರ್ಡ್ ಅಚ್ಚು ಹಾಕಿಸಿದೆ. ಒಂದು ಬದಿಯಲ್ಲಿ ನಮ್ಮ ಫೋನ್ ನಂಬರ್. ಇನ್ನೊಂದು ಬದಿಯಲ್ಲಿ ಮದುವೆಗೆ ಅರವತ್ತು ದಿನ ಮೊದಲು ಬ್ಲೌಸ್ ಬಟ್ಟೆ ಕೊಡುವುದು, ನಲವತ್ತೈದು ದಿನಕ್ಕೆ ಡಿಸೈನ್ ಗಟ್ಟಿ ಮಾಡುವುದು, ಹದಿನೈದು ದಿನಕ್ಕೆ ತೊಟ್ಟು ನೋಡುವುದು ಎಂಬ ಪಟ್ಟಿ. ಮದುವೆ ಮನೆಯವರಿಗೆ ಇದು ಬೇಕು, ಬೇರೆಯವರಿಗೆ ಬೇಡ. ಟೇಪನ್ನು ಮೇಜಿನ ಮೇಲೆ ಇಡದೆ, ಚೀಟಿ ಬರೆಸಿದವರಿಗೆ ಮಾತ್ರ ಕೈಗೆ ಕೊಟ್ಟೆವು. ಈ ಸಲದ ಒಟ್ಟು ಖರ್ಚು 11,050. ಐದು ಆರ್ಡರ್ ಬಂದರೆ ಸಾಕು.

ನೋಟ್‌ಬುಕ್ ಇಡಲೇ ಇಲ್ಲ. ಒಬ್ಬರಿಗೆ ಒಂದು ಚೀಟಿ, ಬರೆಯುವುದು ನಾನೇ. ಮೊದಲ ಪ್ರಶ್ನೆ, ‘ಮದುವೆ ಯಾವಾಗ ಆಂಟಿ?’ ಆಮೇಲೆ ಹೆಸರು, ಎಷ್ಟು ಬ್ಲೌಸ್, ಯಾವ ಡಿಸೈನ್ ಇಷ್ಟವಾಯಿತು, ಯಾರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಬೇಕು. ಕೊನೆಯ ಪ್ರಶ್ನೆ ಮುಖ್ಯ. ಮದುಮಗಳು ಕೆಲಸದಲ್ಲಿದ್ದರೆ ಹಗಲು ಫೋನ್ ಎತ್ತುವುದಿಲ್ಲ, ಎಷ್ಟೋ ಮನೆಗಳಲ್ಲಿ ಹಣದ ಮಾತು ಅಮ್ಮನದು. ನಂಬರ್ ಬರೆದುಕೊಂಡ ತಕ್ಷಣ ಅವರ ಎದುರೇ ಮಿಸ್ಡ್ ಕಾಲ್ ಕೊಟ್ಟು ನೋಡುತ್ತಿದ್ದೆ. ‘ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಬಹುದಾ?’ ಎಂದು ಕೇಳಿ, ಹೂಂ ಎಂದರೆ ಮಾತ್ರ ಗುರುತು ಹಾಕುತ್ತಿದ್ದೆ.

ಹೋದ ಸಲ ಮೇಜನ್ನು ಮುಂದೆ ಅಡ್ಡ ಇಟ್ಟಿದ್ದೆವು, ಜನ ಆಚೆಯೇ ನಿಂತು ಹೋಗುತ್ತಿದ್ದರು. ಈ ಸಲ ಅದನ್ನು ಪಕ್ಕಕ್ಕೆ ಸರಿಸಿ, ಅತ್ತಿಗೆ ಒಳಗೆ ಫ್ರೇಮ್ ಮುಂದೆ ಕುಳಿತು ಕೆಲಸ ಮಾಡಿದರು. ಸೂಜಿ ಓಡುವುದನ್ನು ನೋಡಲು ನಿಂತವರು ತಾವಾಗಿಯೇ ಮಾತಿಗೆ ಬರುತ್ತಿದ್ದರು.

ಎರಡು ದಿನಕ್ಕೆ ಐವತ್ತೆಂಟು ಚೀಟಿಗಳಾದವು. ರಾತ್ರಿ ಮನೆಯಲ್ಲಿ ಅವುಗಳನ್ನು ಮೂರು ಗುಂಪು ಮಾಡಿದೆವು. ಎರಡು ತಿಂಗಳೊಳಗೆ ಮದುವೆ ಇದ್ದವರು ಒಂಬತ್ತು, ಐದು ತಿಂಗಳೊಳಗಿನವರು ಇಪ್ಪತ್ತೆರಡು, ಇನ್ನೂ ದಿನ ಗೊತ್ತಾಗದವರು ಇಪ್ಪತ್ತೇಳು. ಅದೇ ರಾತ್ರಿ ಒಪ್ಪಿದವರಿಗೆಲ್ಲ ಅವರವರು ಮೆಚ್ಚಿದ ಡಿಸೈನಿನ ಫೋಟೊ, ಬೆಲೆ ಸಮೇತ ಕಳಿಸಿದೆ. ಎಲ್ಲರಿಗೂ ಒಂದೇ ಜಾಹೀರಾತು ಕಳಿಸಿದರೆ ಯಾರೂ ನೋಡುವುದಿಲ್ಲ. ಮಾರನೆಯ ದಿನದಿಂದ ಮೊದಲ ಗುಂಪಿಗೆ ಫೋನ್, ಆ ವಾರದೊಳಗೆ ಎರಡನೆಯದಕ್ಕೆ. ಮೂರನೆಯ ಗುಂಪಿನವರಿಗೆ ಫೋನ್ ಮಾಡಿ ಪೀಡಿಸಲಿಲ್ಲ. ದಿನ ಗೊತ್ತಾದರೆ ತಿಳಿಸಿ ಎಂದಷ್ಟೇ ಬರೆದೆ.

ಎಲ್ಲರಿಗೂ ಹೂಂ ಎನ್ನುವ ಹಾಗೂ ಇರಲಿಲ್ಲ. ನಾವಿಬ್ಬರೂ ಸೇರಿದರೆ ತಿಂಗಳಿಗೆ ಎಂಟು ಬ್ಲೌಸ್ ಮುಗಿಸಬಹುದು. ಹನ್ನೆರಡು ದಿನದಲ್ಲಿ ಮೂರು ಬ್ಲೌಸ್ ಬೇಕೆಂದು ಒಬ್ಬ ತಾಯಿ ಬಂದರು. ಹಣ ಹೆಚ್ಚು ಕೊಡುತ್ತೇನೆ ಎಂದರು. ಆಸೆಯಾಯಿತು. ಅತ್ತಿಗೆ, ‘ಬೇಡ, ಮದುವೆ ದಿನ ಆ ಮಗು ಮುಂದೆ ನಾವು ಕೈ ಮುಗಿದು ನಿಲ್ಲೋದು ಬೇಡ’ ಎಂದರು. ಆಗುವುದಿಲ್ಲ ಎಂದು ಹೇಳಿದೆವು. ಆ ತಾಯಿ ಬೇಸರ ಮಾಡಿಕೊಳ್ಳದೆ ಗೆಳತಿಯ ಬಳಿ ಮೆಹಂದಿಗೆ ಮುಂಗಡ ಕೊಟ್ಟು ಹೋದರು.

‘ಖಂಡಿತ ನಿಮಗೇ ಕೊಡ್ತೀವಿ’ ಎಂಬ ಮಾತನ್ನು ನಾವು ಆರ್ಡರ್ ಎಂದು ಎಣಿಸುವುದಿಲ್ಲ. ಎರಡು ಸಾವಿರ ಮುಂಗಡ ಬಂದು, ಬ್ಲೌಸ್ ಬಟ್ಟೆ ಕೈಗೆ ಸಿಕ್ಕ ಮೇಲೆಯೇ ಲೆಕ್ಕ. ಹಾಗೆ ಎಣಿಸಿದರೆ ಆರು ವಾರದಲ್ಲಿ ಒಂಬತ್ತು ಆರ್ಡರ್ ಬಂದವು. ಮೊದಲ ಗುಂಪಿನಿಂದ ನಾಲ್ಕು, ಎರಡನೆಯದರಿಂದ ಐದು. ಮಳಿಗೆಯ ಖರ್ಚು ಕಳೆದು 11,450 ರೂಪಾಯಿ ಉಳಿಯಿತು. ಅದನ್ನು ಹಾಗೇ ಅಮ್ಮನ ಕೈಗೆ ಕೊಟ್ಟೆ.

ಅಮ್ಮ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು, ‘ಆ ಮೂರನೇ ಕಟ್ಟು ಚೀಟಿ ಎಲ್ಲಿಟ್ಟಿದ್ದೀಯೆ?’ ಎಂದರು. ದೇವರ ಮನೆಯ ಕಪಾಟಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ಮೊನ್ನೆ ಅದರಲ್ಲೊಬ್ಬರು ಫೋನ್ ಮಾಡಿದ್ದರು. ‘ದಿನ ಗೊತ್ತಾಯ್ತಮ್ಮ, ವೈಶಾಖದಲ್ಲಿ’ ಎಂದರು. ಟೇಪ್ ಇನ್ನೂ ಅವರ ಮನೆಯಲ್ಲೇ ಇದೆಯಂತೆ.